ಮಲತಾಯಿಯ ಎಂಟನೆಯ ಒಂದು ಪಾಲು

ಉಹುದ್ ಯುದ್ಧದಲ್ಲಿ ಹುತಾತ್ಮರಾದ ಸಅದ್ ಬಿನ್ ರಬೀಅ್(ರ)ರ ಸಂಪತ್ತನ್ನೆಲ್ಲ ಅವರ ಸಹೋದರ ವಶಪಡಿಸಿಕೊಂಡಾಗ, ಪತ್ನಿ ಪ್ರವಾದಿ(ಸ)ರಲ್ಲಿ ದೂರಿತ್ತರು. ವಾರಸಿನ ಸೂಕ್ತ ಅವತೀರ್ಣವಾಯಿತು. ಇಬ್ಬರು ಪುತ್ರಿಯರಿಗೆ ಮೂರರಲ್ಲೆರಡು, ವಿಧವೆಗೆ ಎಂಟರಲ್ಲೊಂದು ಪಾಲು ದೊರೆಯಿತು. ಈ ಎಂಟನೆಯ ಪಾಲು ಪತ್ನಿಯೆಂಬ ಕಾರಣಕ್ಕೆ ಸಿಗುವಂಥದು. ಗಂಡನ ಮಕ್ಕಳನ್ನು ಆಕೆಯೇ ಹೆತ್ತಿರಬೇಕಿಲ್ಲ.

ನಿಜಾಮರ ಆಳ್ವಿಕೆಯಲ್ಲಿದ್ದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಿಗೆ 1937ರ ಶರೀಅತ್ ಕಾಯ್ದೆ ವಿಸ್ತರಿಸಿದ್ದು 1959ರ ಶಾಸನದಿಂದ.

ಹೆತ್ತವರಿಲ್ಲದ ಒಬ್ಬರು ವಸಿಯ್ಯತ್ ಮಾಡದೆ ತೀರಿಕೊಂಡರೆನ್ನೋಣ. ಸಾಲ, ಮಹರ್ ತೀರಿಸಿ 8 ಲಕ್ಷ ಉಳಿದರೆ ಎರಡನೆಯ ಪತ್ನಿಗೆ 1 ಲಕ್ಷ. ಮೊದಲ ಪತ್ನಿಯ ಇಬ್ಬರು ಪುತ್ರರಿಗೆ ತಲಾ 2, ಮೂವರು ಪುತ್ರಿಯರಿಗೆ ತಲಾ 1 ಲಕ್ಷ. ಆಕೆ ಹಿಂದಿನ ವಿವಾಹದಿಂದ ಕರೆತಂದ ಮಗನಿಗೆ, ಅದೇ ಮನೆಯಲ್ಲಿ ಬೆಳೆದಿದ್ದರೂ, ಏನೂ ಇಲ್ಲ. ಮುಂದೆ ಆಕೆ ತೀರಿಕೊಂಡಾಗ ಆ 1 ಲಕ್ಷ ಆಕೆಯ ಸ್ವಂತ ಮಗನಿಗೂ ಬದುಕಿದ್ದರೆ ತಂದೆ-ತಾಯಿಗೂ ಸಲ್ಲುತ್ತದೆ. ಮಲಮಕ್ಕಳು ಅದನ್ನು ಕೇಳುವಂತಿಲ್ಲ.