ತುಡುವೆ ಜೇನು ಸಾಕಣೆ: ಮಳೆಗಾಲದಲ್ಲಿ ಜೇನು ಕುಟುಂಬವನ್ನು ಉಳಿಸಿಕೊಳ್ಳುವ ಕ್ರಮ

ಕರಾವಳಿ ಮತ್ತು ಮಲೆನಾಡಿನ ತಾಲ್ಲೂಕುಗಳಲ್ಲಿ ಸಹಾಯಧನದ ಜೇನುಪೆಟ್ಟಿಗೆಗೆ ಅರ್ಜಿ ಸಲ್ಲಿಸುವ ಸಣ್ಣ ಹಿಡುವಳಿದಾರರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಪೆಟ್ಟಿಗೆಯನ್ನು ಪಡೆಯುವುದು ಸುಲಭ. ಆದರೆ ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಪೆಟ್ಟಿಗೆ ಬರಿದಾಗಿ, ಅಟ್ಟ ಸೇರುವ ಪ್ರಸಂಗಗಳು ಹಲವು. ಜೇನುನೊಣಗಳು ಕಾರಣವಿಲ್ಲದೆ ಗೂಡು ಬಿಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಅವುಗಳಿಗೆ ಏನಾಗುತ್ತದೆ ಎಂಬುದನ್ನು ತಿಳಿದವರ ಪೆಟ್ಟಿಗೆಗಳು ಸಾಮಾನ್ಯವಾಗಿ ಉಳಿಯುತ್ತವೆ.

ಯಾವ ಜೇನು, ಎಷ್ಟು ಜಾಗ

ನಮ್ಮಲ್ಲಿ ಕಾಣಸಿಗುವ ಹೆಜ್ಜೇನು ಮತ್ತು ಕೋಲುಜೇನುಗಳು ಬಯಲಿನಲ್ಲಿ ಒಂದೇ ಎರಿ ಕಟ್ಟುವುದರಿಂದ ಪೆಟ್ಟಿಗೆಗೆ ಒಗ್ಗುವುದಿಲ್ಲ. ಮರದ ಪೊಟರೆ, ಹುತ್ತ, ಕಲ್ಲುಗೋಡೆಯ ಸಂದುಗಳ ಕತ್ತಲಲ್ಲಿ ಹಲವು ಎರಿಗಳನ್ನು ಸಾಲಾಗಿ ಕಟ್ಟುವ ತುಡುವೆ ಜೇನು ಪೆಟ್ಟಿಗೆಯಲ್ಲಿ ನೆಲೆಸುತ್ತದೆ. ಪೆಟ್ಟಿಗೆಯ ಕೆಳಭಾಗ ಸಂಸಾರ ಕೋಣೆ. ಇಲ್ಲಿ ರಾಣಿ ಮೊಟ್ಟೆಯಿಡುತ್ತದೆ, ಮರಿಗಳು ಬೆಳೆಯುತ್ತವೆ. ಮೇಲ್ಭಾಗ ಜೇನು ಕೋಣೆ. ಕೃಷಿಕನ ಪಾಲು ಇದರಲ್ಲಿರುವುದು ಮಾತ್ರ.

ಪೆಟ್ಟಿಗೆ ಇಡಲು ಬೇಕಾದದ್ದು ನಾಲ್ಕು ಅಡಿ ಜಾಗ ಮತ್ತು ನೆರಳು. ತುಡುವೆ ನೊಣಗಳು ಸುಮಾರು ಒಂದು ಕಿಲೋಮೀಟರ್ ದೂರದವರೆಗೆ ಆಹಾರ ಹುಡುಕುವುದರಿಂದ, ಅವು ಮೇಯುವುದು ಹೆಚ್ಚಾಗಿ ನೆರೆಯವರ ತೋಟದಲ್ಲಿ ಮತ್ತು ಕಾಡಿನಂಚಿನಲ್ಲಿ. ಆದ್ದರಿಂದ ಸ್ವಂತ ಜಮೀನಿನ ವಿಸ್ತೀರ್ಣಕ್ಕಿಂತ ಸುತ್ತಲಿನ ಮರಗಳು ಮುಖ್ಯ. ಅಡಿಕೆ ಮತ್ತು ತೆಂಗು ಪರಾಗ ಒದಗಿಸುತ್ತವೆ. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಗಳಲ್ಲಿ ರಬ್ಬರ್ ಮರಗಳ ಎಳೆ ಚಿಗುರಿನ ಬುಡದಲ್ಲಿ ಒಸರುವ ರಸವು ವರ್ಷದ ಆರಂಭದ ತಿಂಗಳುಗಳಲ್ಲಿ ದೊಡ್ಡ ಆಸರೆ. ಕೊಡಗು ಮತ್ತು ಚಿಕ್ಕಮಗಳೂರಿನಲ್ಲಿ ಹೂಮಳೆಯ ನಂತರ ಅರಳುವ ಕಾಫಿ, ಅಂಟುವಾಳ ಮತ್ತು ಬೇಸಿಗೆಯಲ್ಲಿ ನೇರಳೆ ಜಾತಿಯ ಮರಗಳು ಮಕರಂದ ಕೊಡುತ್ತವೆ. ಮಕರಂದದ ಈ ಆಸರೆಗಳು ಮಳೆ ಹಿಡಿಯುವ ಮೊದಲೇ ಮುಗಿಯುತ್ತವೆ ಎಂಬುದನ್ನು ಗಮನಿಸಬೇಕು.

ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ನಡೆಯುವುದು

ಜೂನ್ ಎರಡನೆಯ ವಾರದಿಂದ ನೊಣಗಳು ದಿನಗಟ್ಟಲೆ ಹೊರಹೋಗಲಾರವು. ಹೋದರೂ ಹೂವಿನ ಮಕರಂದ ಮಳೆನೀರಿಗೆ ತೊಳೆದುಹೋಗಿರುತ್ತದೆ. ಆಗ ಅವು ಸಂಸಾರ ಕೋಣೆಯ ಎರಿಗಳ ಮೇಲಂಚಿನಲ್ಲಿ ಕೂಡಿಟ್ಟ ಜೇನನ್ನು ಉಣ್ಣುತ್ತವೆ. ಬೇಸಿಗೆಯ ಕೊನೆಯಲ್ಲಿ ಆಸೆಪಟ್ಟು ಈ ಜೇನನ್ನೂ ಹಿಂಡಿ ತೆಗೆದವರ ಪೆಟ್ಟಿಗೆಗಳು ಜುಲೈನಲ್ಲಿ ಬರಿದಾಗುತ್ತವೆ. ಸಂಗ್ರಹ ಮುಗಿಯುತ್ತ ಬಂದಂತೆ ರಾಣಿ ಮೊಟ್ಟೆಯಿಡುವುದನ್ನು ಕಡಿಮೆ ಮಾಡುತ್ತದೆ. ಮೊಟ್ಟೆಯಿಂದ ಕೆಲಸಗಾರ ನೊಣ ಹೊರಬರಲು ಸುಮಾರು ಮೂರು ವಾರ ಬೇಕಾದ ಕಾರಣ, ಇಂದು ಮೊಟ್ಟೆ ನಿಂತರೆ ಅದರ ಪರಿಣಾಮ ಮೂರು ವಾರಗಳ ನಂತರ ಕಾಣುತ್ತದೆ. ಸಂಖ್ಯೆ ಕುಗ್ಗಿದ ನೊಣಗಳು ಎಲ್ಲ ಎರಿಗಳನ್ನೂ ಮುಚ್ಚಲಾರವು. ಕೊನೆಗೊಂದು ಬಿಸಿಲಿನ ಬಿಡುವಿನಲ್ಲಿ ಉಳಿದವು ರಾಣಿಯೊಡನೆ ಹಾರಿಹೋಗುತ್ತವೆ.

ಇದನ್ನು ಮುಂಚಿತವಾಗಿ ತಿಳಿಯಲು ಎರಡು ಕುರುಹುಗಳಿವೆ. ಪೆಟ್ಟಿಗೆಯ ಹಿಂಬದಿಯನ್ನು ಒಂದು ಬೆರಳಷ್ಟು ಎತ್ತಿ ನೋಡಿದಾಗ ಹಿಂದಿನ ವಾರಕ್ಕಿಂತ ಹಗುರವೆನಿಸಿದರೆ ಸಂಗ್ರಹ ಕರಗಿದೆ. ಮಳೆ ಬಿಟ್ಟ ಮಧ್ಯಾಹ್ನ ಬಾಗಿಲ ಬಳಿ ನಿಂತಾಗ, ಒಳಬರುವ ನೊಣಗಳ ಕಾಲಿನಲ್ಲಿ ಪರಾಗದ ಉಂಡೆ ಕಾಣದಿದ್ದರೆ ಒಳಗೆ ಮರಿ ಸಾಕುವ ಕೆಲಸ ನಿಂತಿರುವ ಸಾಧ್ಯತೆ ಹೆಚ್ಚು. ಮಳೆಯಲ್ಲಿ ಪದೇ ಪದೇ ಪೆಟ್ಟಿಗೆ ಬಿಚ್ಚುವುದಕ್ಕಿಂತ ಈ ಎರಡು ಪರೀಕ್ಷೆಗಳೇ ಮೇಲು.

ಸಕ್ಕರೆ ಪಾಕ ನೀಡುವ ವಿಧಾನ

ಸಮತೂಕದ ಸಕ್ಕರೆ ಮತ್ತು ನೀರು ಸಾಕು. ನೀರನ್ನು ಕುದಿಸಿ ಇಳಿಸಿದ ಮೇಲೆ ಸಕ್ಕರೆ ಕರಗಿಸಿ, ಪೂರ್ತಿ ತಣಿಸಬೇಕು. ಬೆಲ್ಲ ಬಳಸಬಾರದು, ಅದರಿಂದ ನೊಣಗಳಿಗೆ ಭೇದಿಯಾಗುತ್ತದೆ. ಖಾಲಿ ಜೇನು ಕೋಣೆಯನ್ನು ತೆಗೆದು, ಸಂಸಾರ ಕೋಣೆಯ ಚೌಕಟ್ಟುಗಳ ಮೇಲೆ ಮುಚ್ಚಳದೊಳಗೆ ಜಾಗವಿರುವಂತೆ ತೆಂಗಿನ ಗೆರಟೆಯಲ್ಲಿ ಪಾಕವನ್ನಿಡಬೇಕು. ನೊಣಗಳು ಮುಳುಗದಂತೆ ಅದರಲ್ಲಿ ನಾಲ್ಕಾರು ಒಣ ಕಡ್ಡಿಗಳನ್ನು ತೇಲಬಿಡಬೇಕು. ಒಂದು ಸಲಕ್ಕೆ 150 ಗ್ರಾಂ ಸಕ್ಕರೆಯ ಪಾಕ, ವಾರಕ್ಕೆ ಎರಡು ಸಲ ನೀಡಿದರೆ ಸಾಧಾರಣ ಬಲದ ಕುಟುಂಬಕ್ಕೆ ಆಗುತ್ತದೆ.

ಪಾಕವನ್ನು ಕತ್ತಲಾಗುವ ಹೊತ್ತಿಗೆ, ಎಲ್ಲ ಪೆಟ್ಟಿಗೆಗಳಿಗೂ ಒಂದೇ ಸಂಜೆ ಕೊಡತಕ್ಕದ್ದು. ಹಗಲಿನಲ್ಲಿ ಕೊಟ್ಟರೆ ಅಥವಾ ಹೊರಗೆ ಒಂದು ಹನಿ ಚೆಲ್ಲಿದರೆ ಬಲವಾದ ಪೆಟ್ಟಿಗೆಯ ನೊಣಗಳು ದುರ್ಬಲ ಪೆಟ್ಟಿಗೆಯನ್ನು ಕೊಳ್ಳೆ ಹೊಡೆಯುತ್ತವೆ. ಬಾಗಿಲ ಮುಂದೆ ನೊಣಗಳು ಒಂದನ್ನೊಂದು ಹಿಡಿದು ಉರುಳುವುದು ಇದರ ಲಕ್ಷಣ. ಹಾಗಾದಲ್ಲಿ ಒಂದು ನೊಣ ಮಾತ್ರ ನುಸುಳುವಷ್ಟು ಬಾಗಿಲನ್ನು ಕಿರಿದುಗೊಳಿಸಬೇಕು.

ಹೂವಿನ ಕಾಲ ಬಂದು ಜೇನು ಕೋಣೆ ಇಡುವ ಮೊದಲೇ ಪಾಕವನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ನೊಣಗಳು ಸಕ್ಕರೆಯನ್ನೇ ಮೇಲೆ ತುಂಬುತ್ತವೆ. ಅದನ್ನು ಜೇನೆಂದು ಮಾರುವುದು ಕಲಬೆರಕೆಯಾಗುತ್ತದೆ.

ಮೇಣದ ಪತಂಗ ಮತ್ತು ಇರುವೆ

ಎರಿಗಳಲ್ಲಿ ಜೇಡರ ಬಲೆಯಂಥ ನೂಲಿನ ಸುರಂಗಗಳು, ಅಡಿಮಣೆಯ ಮೇಲೆ ಕಪ್ಪು ಹಿಕ್ಕೆಗಳು ಕಂಡರೆ ಅದು ಮೇಣದ ಪತಂಗದ ಹುಳು. ನೊಣಗಳು ಮುಚ್ಚಿರುವ ಎರಿಯಲ್ಲಿ ಅದಕ್ಕೆ ಆಸ್ಪದ ಕಡಿಮೆ. ಹಾಗಾಗಿ ಜೂನ್ ಆರಂಭದಲ್ಲೇ ನೊಣಗಳಿಲ್ಲದ ಹಳೆಯ ಕಪ್ಪು ಎರಿಗಳನ್ನು ತೆಗೆದು, ನೊಣಗಳು ಒತ್ತಾಗಿ ಕೂರುವಂತೆ ನಾಲ್ಕೈದು ಎರಿಗಳನ್ನು ಮಾತ್ರ ಉಳಿಸುವುದೇ ಪರಿಹಾರ. ಅಡಿಮಣೆಯನ್ನು ವಾರಕ್ಕೊಮ್ಮೆ ಗುಡಿಸಿದರೆ ಉಳಿದ ಮೊಟ್ಟೆ, ಹುಳುಗಳೂ ಹೋಗುತ್ತವೆ. ಇರುವೆಗಳಿಗೆ ಕಂಬದ ಕಾಲಿನ ಸುತ್ತ ನೀರಿನ ಬಟ್ಟಲು ಅಥವಾ ಗ್ರೀಸ್ ಸವರಿದ ಬಟ್ಟೆ ಸಾಕು.

ಥಾಯ್ ಸ್ಯಾಕ್ ಬ್ರೂಡ್ ರೋಗ

1991-92ರಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳ ಬಹುಪಾಲನ್ನು ಅಳಿಸಿದ ವೈರಾಣು ರೋಗವಿದು. ಆ ವರ್ಷಗಳಲ್ಲಿ ಜೇನು ಸಾಕಣೆಯನ್ನೇ ಬಿಟ್ಟ ಮನೆಗಳು ಕರಾವಳಿ ಮತ್ತು ಕೊಡಗಿನಲ್ಲಿ ಅನೇಕ. ರೋಗ ಈಗಲೂ ಆಗಾಗ ಮರುಕಳಿಸುತ್ತದೆ. ಸತ್ತ ಮರಿಹುಳು ಕೋಶದಲ್ಲಿ ಬೆನ್ನ ಮೇಲೆ ಉದ್ದಕ್ಕೆ ಮಲಗಿ, ತಲೆಯ ತುದಿ ದೋಣಿಯ ಮೂತಿಯಂತೆ ಮೇಲೆದ್ದಿರುತ್ತದೆ. ಸೂಜಿಯಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಒಂದೇ ತುಂಡಾಗಿ ಬರುತ್ತದೆ. ದುರ್ವಾಸನೆ ಇರುವುದಿಲ್ಲ, ಹುಳಿ ಅಥವಾ ಕೊಳೆತ ವಾಸನೆ ಬಂದರೆ ಅದು ಬೇರೆ ರೋಗವಾಗಿರಬಹುದು.

ಇದಕ್ಕೆ ಔಷಧಿಯಿಲ್ಲ. ಔಷಧಿಯೆಂದು ಯಾರಾದರೂ ಪುಡಿ ಮಾರಿದರೆ ಕೊಳ್ಳಬಾರದು. ರಾಣಿಯನ್ನು ಪಂಜರದಲ್ಲಿಟ್ಟು ಸುಮಾರು ಮೂರು ವಾರ ಮೊಟ್ಟೆಯಿಡದಂತೆ ತಡೆದರೆ, ವೈರಾಣುವಿಗೆ ಎಳೆಯ ಮರಿ ಸಿಗದೆ ರೋಗದ ಸರಪಳಿ ಕಡಿಯುವ ಅವಕಾಶವಿದೆ. ಆ ಅವಧಿಯಲ್ಲಿ ಪಾಕ ಕೊಡುತ್ತಿರಬೇಕು. ಒಂದು ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಇಡಬಾರದು. ರೋಗಪೀಡಿತ ಪೆಟ್ಟಿಗೆ ಮುಟ್ಟಿದ ಚಾಕು, ಕೈಗಳನ್ನು ಸಾಬೂನಿನಿಂದ ತೊಳೆಯದೆ ಇನ್ನೊಂದನ್ನು ಬಿಚ್ಚಬಾರದು. ತಾನಾಗಿ ಚೇತರಿಸಿಕೊಂಡ ಕುಟುಂಬವನ್ನೇ ಮುಂದೆ ಪಾಲು ಮಾಡಲು ಆರಿಸಿಕೊಳ್ಳುವುದು ಉತ್ತಮ.

ಒಂದು ವರ್ಷದ ಲೆಕ್ಕ

ಉದಾಹರಣೆಗೆ ಸುಳ್ಯ ತಾಲ್ಲೂಕಿನಲ್ಲಿ 20 ಗುಂಟೆ ಅಡಿಕೆ ತೋಟವಿರುವ ಒಂದು ಮನೆಯವರು ನವೆಂಬರ್‌ನಲ್ಲಿ ಎರಡು ಪೆಟ್ಟಿಗೆ ಇಟ್ಟರೆಂದು ಭಾವಿಸಬಹುದು. ನಾಲ್ಕು ಎರಿಯ ಕುಟುಂಬ ಜನವರಿ ಕೊನೆಗೆ ಸಂಸಾರ ಕೋಣೆಯನ್ನು ತುಂಬಿದಾಗ ಜೇನು ಕೋಣೆ ಏರಿಸಲಾಗುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಕೋಶಗಳಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಮೇಣದ ಮುಚ್ಚಳ ಬಿದ್ದ ಎರಿಗಳಿಂದ ಮಾತ್ರ ಯಂತ್ರದಲ್ಲಿ ಜೇನು ತೆಗೆಯಲಾಗುತ್ತದೆ. ಆತುರದಿಂದ ತೆಗೆದ ಹಸಿ ಜೇನಿನಲ್ಲಿ ನೀರಿನಂಶ ಹೆಚ್ಚಿದ್ದು ಬೇಗ ಹುಳಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದಂತೆ ನೀರಿನಂಶ ಶೇಕಡಾ 20ನ್ನು ಮೀರುವಂತಿಲ್ಲ. ಪೆಟ್ಟಿಗೆಗೆ 6 ಕಿಲೋದಂತೆ 12 ಕಿಲೋ ಜೇನು ದೊರೆತು, ಕಿಲೋಗೆ 400 ರೂಪಾಯಿ ಸಿಕ್ಕರೆ 4,800 ರೂಪಾಯಿ. ಮೊದಲ ವರ್ಷ ಇದರ ಅರ್ಧವೇ ಸಿಗಬಹುದು.

ಮೇ ತಿಂಗಳಲ್ಲಿ ಜೇನು ಕೋಣೆ ತೆಗೆದಿಟ್ಟು, ಸಂಸಾರ ಕೋಣೆಯ ಜೇನನ್ನು ಮುಟ್ಟದೆ ಬಿಡಬೇಕು. ಜೂನ್‌ನಿಂದ ಸೆಪ್ಟೆಂಬರ್ ಅಂತ್ಯದವರೆಗಿನ 17 ವಾರಗಳಿಗೆ ಪೆಟ್ಟಿಗೆಯೊಂದಕ್ಕೆ ವಾರಕ್ಕೆ 300 ಗ್ರಾಂನಂತೆ 5 ಕಿಲೋ 100 ಗ್ರಾಂ, ಎರಡಕ್ಕೆ ಸುಮಾರು 10 ಕಿಲೋ ಸಕ್ಕರೆ ಬೇಕು. ಕಿಲೋಗೆ 45 ರೂಪಾಯಿಯಂತೆ 450 ರೂಪಾಯಿ, ಅಂದರೆ ಒಂದು ಕಿಲೋಗಿಂತ ತುಸು ಹೆಚ್ಚಿನ ಜೇನಿನ ಬೆಲೆ. ಇಷ್ಟನ್ನು ಉಳಿಸಲು ಹೋಗಿ ಒಂದು ಕುಟುಂಬ ಕಳೆದುಕೊಂಡರೆ, ಹೊಸ ಕುಟುಂಬದ ಬೆಲೆಯ ಜೊತೆಗೆ ಮುಂದಿನ ಬೇಸಿಗೆಯ ಅರ್ಧ ಇಳುವರಿಯೂ ಹೋಗುತ್ತದೆ. ಉಳಿದ ಕುಟುಂಬವು ಮಳೆ ಇಳಿದ ಮೇಲೆ ಮುಟ್ಟಿದರೆ ಮುನಿಯ ಪರಾಗದಿಂದ ಚೇತರಿಸಿಕೊಂಡು, ಚಳಿಗಾಲದಲ್ಲಿ ಪಾಲಾಗುವಷ್ಟು ಬಲಿಯುತ್ತದೆ. ಆಗ ಮೂರನೆಯ ಪೆಟ್ಟಿಗೆಗೆ ಹಣ ಕೊಟ್ಟು ಕುಟುಂಬ ತರಬೇಕಾಗಿಲ್ಲ.

ಅರ್ಜಿದಾರರ ಗಮನಕ್ಕೆ

ಅರ್ಜಿಯನ್ನು ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯಲ್ಲಿ ಸಲ್ಲಿಸಬಹುದು. ಸಹಾಯಧನದ ಪ್ರಮಾಣ ಮತ್ತು ಪೆಟ್ಟಿಗೆಗಳ ಮಿತಿ ಆಯಾ ವರ್ಷದ ಮಾರ್ಗಸೂಚಿಯನ್ನು ಅವಲಂಬಿಸಿರುತ್ತದೆ. ಫ್ರೂಟ್ಸ್ ಗುರುತಿನ ಸಂಖ್ಯೆ ಇಲ್ಲದವರು ಮೊದಲು ಅದನ್ನು ಪಡೆಯುವುದು ಸೂಕ್ತ; ಸ್ವಂತ ಜಮೀನಿಲ್ಲದವರು ತಮ್ಮ ಅರ್ಹತೆಯನ್ನು ಅರ್ಜಿಗೆ ಮೊದಲೇ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಜೇನು ಕುಟುಂಬವನ್ನು ಅಕ್ಟೋಬರ್‌ನಿಂದ ಡಿಸೆಂಬರ್‌ನೊಳಗೆ ಪಡೆಯುವುದು ಲೇಸು. ಮೇ ತಿಂಗಳಲ್ಲಿ ಪೆಟ್ಟಿಗೆ ಪಡೆದ ಹೊಸಬರು, ಕೈ ಪಳಗುವ ಮೊದಲೇ ವರ್ಷದ ಅತ್ಯಂತ ಕಷ್ಟದ ಕಾಲವನ್ನು ಎದುರಿಸಬೇಕಾಗುತ್ತದೆ. ಸ್ವೀಕರಿಸುವಾಗ ಪೆಟ್ಟಿಗೆಯನ್ನು ಬಿಚ್ಚಿಸಿ ನೋಡಲು ಸಂಕೋಚಪಡಬೇಕಾಗಿಲ್ಲ. ಕನಿಷ್ಠ ನಾಲ್ಕು ಎರಿಗಳು ನೊಣಗಳಿಂದ ಮುಚ್ಚಿರಬೇಕು. ಕೋಶಗಳ ತಳದಲ್ಲಿ ಎಳ್ಳಿನ ತುಂಡಿನಂಥ ಬಿಳಿಯ ಮೊಟ್ಟೆಗಳು, ಬಿಳಿಯ ಮರಿಹುಳುಗಳು, ಮುಚ್ಚಳ ಬಿದ್ದ ಕೋಶಗಳು ಈ ಮೂರೂ ಕಾಣಬೇಕು. ಮೊಟ್ಟೆ ಕಂಡರೆ ರಾಣಿಯನ್ನು ಹುಡುಕುವ ಅಗತ್ಯವಿಲ್ಲ. ಮೂರು ದಿನಗಳ ಹಿಂದಿನವರೆಗಾದರೂ ಅದು ಅಲ್ಲಿತ್ತೆಂದು ಅರ್ಥ. ಮೂತಿ ಮೇಲೆತ್ತಿದ ಸತ್ತ ಮರಿ ಒಂದೇ ಒಂದು ಕಂಡರೂ ಆ ಪೆಟ್ಟಿಗೆಯನ್ನು ಸ್ವೀಕರಿಸದೆ, ವಿಷಯವನ್ನು ಕಚೇರಿಗೆ ಲಿಖಿತವಾಗಿ ತಿಳಿಸತಕ್ಕದ್ದು.