ಟನ್-ಕಿಲೋಮೀಟರು

ಮದ್ಯದ ದೊಡ್ಡ ಪೀಪಾಯಿಗೆ ಇಂಗ್ಲಿಷರಿಟ್ಟಿದ್ದ ಹೆಸರಿನಿಂದ ಹುಟ್ಟಿ ಕಾಲಕ್ರಮದಲ್ಲಿ ಭಾರದ ಮಾನವಾದ ‘ಟನ್’ ಎಂಬುದು, ದೂರದ ಮಾನವಾದ ಕಿಲೋಮೀಟರಿನೊಡನೆ ಕೂಡಿ, ಒಂದು ಟನ್ ಸರಕನ್ನು ಒಂದು ಕಿಲೋಮೀಟರು ಸಾಗಿಸಿದ ಕಾರ್ಯವನ್ನು ಸೂಚಿಸುವ ಪದವಾಯಿತು. ಭಾರವನ್ನೂ ದೂರವನ್ನೂ ಇಲ್ಲಿ ಗುಣಿಸತಕ್ಕದ್ದು.

ಹಾಸನ ಸೀಮೆಯ ಶೆಟ್ಟಿಹಳ್ಳಿಯ ಲಾರಿಯೊಂದು 10 ಟನ್ ಆಲೂಗೆಡ್ಡೆಯನ್ನು ಹೇರಿಕೊಂಡು, ಶಿರಾಡಿ ಘಾಟಿಯನ್ನಿಳಿದು, ಸುಮಾರು 170 ಕಿಲೋಮೀಟರು ದೂರದ ಮಂಗಳೂರನ್ನು ಮುಟ್ಟಿ, 5 ಟನ್ ಗೊಬ್ಬರದೊಡನೆ ಮರಳಿತೆಂದು ಭಾವಿಸೋಣ: 1,700ಕ್ಕೆ 850 ಸೇರಿ 2,550 ಟನ್-ಕಿಲೋಮೀಟರು. ವಿಮೆ, ತೆರಿಗೆ, ಚಾಲಕನ ಸಂಬಳ, ಸವಕಳಿ ಮುಂತಾದ ಸ್ಥಿರವೆಚ್ಚ ತಿಂಗಳಿಗೆ 51,000 ರೂಪಾಯಿ, ತಿಂಗಳ ಸುತ್ತುಗಳು 15 ಎಂದಾದರೆ, ಒಂದು ಸುತ್ತಿನ ಪಾಲು 3,400. ಡೀಸೆಲ್, ಟೈರು, ಎಣ್ಣೆ, ದುರಸ್ತಿಗಳ ಚಾಲನವೆಚ್ಚ ಕಿಲೋಮೀಟರಿಗೆ 20ರಂತೆ, ಹೋಗಿಬರುವ 340ಕ್ಕೆ 6,800. ಒಟ್ಟು 10,200ನ್ನು 2,550ರಿಂದ ಭಾಗಿಸಲು ಟನ್-ಕಿಲೋಮೀಟರಿಗೆ 4 ರೂಪಾಯಿ.

ಲಾರಿ ಬರಿದಾಗಿ ಮರಳಿದರೆ, ಡೀಸೆಲ್‌ನ ಅಲ್ಪ ಉಳಿತಾಯವನ್ನು ಬಿಟ್ಟು ನೋಡಿದಲ್ಲಿ, ಅದೇ ವೆಚ್ಚವನ್ನು 1,700 ಮಾತ್ರ ಹೊರಬೇಕಾಗಿ ದರ 6ಕ್ಕೇರುತ್ತದೆ. ಕಿಲೋಮೀಟರಿನ ವೆಚ್ಚವನ್ನಷ್ಟೇ ಬರೆದಿಡುವ ಲೆಕ್ಕದ ಪುಸ್ತಕದಲ್ಲಿ ಈ ನಷ್ಟ ಕಾಣುವುದೇ ಇಲ್ಲ. 10,200ನ್ನು 340ರಿಂದ ಭಾಗಿಸಲು, ಎರಡು ಬಗೆಯ ಸುತ್ತುಗಳಿಗೂ ಅಲ್ಲಿ ಕಿಲೋಮೀಟರಿಗೆ ಒಂದೇ 30 ರೂಪಾಯಿ.