ಸಮೂಹ ಚಿತ್ರದ ಅಂಚಿನಲ್ಲಿ ಹಿಗ್ಗುವ ಮುಖಗಳು: ಜೋಡಿಸುವ ಮುನ್ನ ತಿದ್ದುವ ಬಗೆ

ಮಂಡ್ಯ, ಮದ್ದೂರು, ಮಳವಳ್ಳಿಯ ಮದುವೆ ಆಲ್ಬಂಗಳನ್ನು ತೆರೆದರೆ ಸಮೂಹ ಚಿತ್ರದ ಕೊನೆಯಲ್ಲಿ ನಿಂತವರ ಮುಖ ಅಸಹಜವಾಗಿ ಅಗಲವಾಗಿರುವುದನ್ನು ಕಾಣಬಹುದು. ಕಲ್ಯಾಣಮಂಟಪದಲ್ಲಿ ಹಿಂದೆ ಸರಿಯಲು ಜಾಗ ಸಾಲದೆ ಛಾಯಾಗ್ರಾಹಕರು ವೈಡ್ ಆಂಗಲ್ ಲೆನ್ಸ್ ಬಳಸುವುದೇ ಇದಕ್ಕೆ ಕಾರಣ.

ಇದು ಲೆನ್ಸಿನ ದೋಷವಲ್ಲ. ಟಾರ್ಚ್ ಬೆಳಕು ಗೋಡೆಯ ಮೇಲೆ ನೇರವಾಗಿ ಬಿದ್ದರೆ ದುಂಡಗೂ, ಓರೆಯಾಗಿ ಬಿದ್ದರೆ ಉದ್ದುದ್ದವಾಗಿಯೂ ಕಾಣುತ್ತದೆ. ಅಂತೆಯೇ ಅಂಚಿನ ಮುಖದ ಬಿಂಬವು ಸಮತಟ್ಟಾದ ಸೆನ್ಸರಿನ ಮೇಲೆ ಓರೆಯಾಗಿ ಬಿದ್ದು ಹಿಗ್ಗುತ್ತದೆ. ಕಂಬಗಳ ಬಾಗನ್ನು ನೇರಗೊಳಿಸುವ ಲೆನ್ಸ್ ಪ್ರೊಫೈಲ್ ತಿದ್ದುಪಡಿಯಿಂದ ಈ ಹಿಗ್ಗು ಹೋಗದು.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24 ಮಿ.ಮೀ. ಲೆನ್ಸ್ ಹಾಕಿ 12 ಅಡಿ ದೂರದಿಂದ ತೆಗೆದರೆ 18 ಅಡಿ ಉದ್ದದ ಸಾಲು ಚೌಕಟ್ಟನ್ನು ತುಂಬುತ್ತದೆ. ತುದಿಯಲ್ಲಿರುವವರ ಮುಖದ ಅಗಲ ಎತ್ತರಕ್ಕೆ ಹೋಲಿಸಿದರೆ ಶೇ. 25ರಷ್ಟು ಹೆಚ್ಚುತ್ತದೆ. ಅದೇ 50 ಮಿ.ಮೀ. ಲೆನ್ಸಿನಲ್ಲಿ ಅಂಚಿನ ಹಿಗ್ಗು ಶೇ. 6ರಷ್ಟು ಮಾತ್ರ, ಆದರೆ ಅದೇ ಸಾಲಿಗೆ 25 ಅಡಿ ಹಿಂದೆ ಸರಿಯಬೇಕಾಗುತ್ತದೆ.

ಮುಹೂರ್ತಕ್ಕೆ ಬಾರದ ಬಂಧುವೊಬ್ಬರನ್ನು ಮರುದಿನ ಮನೆಯಲ್ಲಿ ಚೌಕಟ್ಟಿನ ನಡುವೆ ನಿಲ್ಲಿಸಿ ತೆಗೆದು, ಸಾಲಿನ ತುದಿಗೆ ಸೇರಿಸಬೇಕಾಗಿದೆ ಎಂದುಕೊಳ್ಳೋಣ. ಅವರ ಮುಖ ಸಹಜವಾಗಿದ್ದು, ಪಕ್ಕದವರ ಮುಖ ಹಿಗ್ಗಿರುವುದರಿಂದ ಜೋಡಣೆ ಒಡನೆಯೇ ಬಯಲಾಗುತ್ತದೆ. ಆದ್ದರಿಂದ ಮೊದಲು ತಿದ್ದುಪಡಿ, ನಂತರ ಜೋಡಣೆ.

ಉಚಿತವಾಗಿ ದೊರೆಯುವ Hugin ತಂತ್ರಾಂಶದಲ್ಲಿ ಎರಡೂ ಚಿತ್ರಗಳನ್ನು ಪ್ರತ್ಯೇಕವಾಗಿ ತೆರೆದು, ಲೆನ್ಸಿನ ನಾಭಿದೂರ ನಮೂದಿಸಿ, ಪ್ರೊಜೆಕ್ಷನ್ ಪಟ್ಟಿಯಲ್ಲಿ Cylindrical ಆರಿಸಬೇಕು. ಇದು ಚಿತ್ರವನ್ನು ಉರುಳೆಯ ಒಳಮೈ ಮೇಲೆ ಹರಡಿದಂತೆ ಮಾಡುವುದರಿಂದ ಮುಖಗಳು ಸಹಜ ಆಕಾರಕ್ಕೆ ಮರಳುತ್ತವೆ.

ಇಲ್ಲೊಂದು ತೊಡಕಿದೆ. ನೇರ ಸಾಲಿನ ತುದಿಯಲ್ಲಿರುವವರು ಕ್ಯಾಮೆರಾದಿಂದ 12 ಅಡಿಯಲ್ಲ, 15 ಅಡಿ ದೂರದಲ್ಲಿರುತ್ತಾರೆ. ತಿದ್ದಿದ ಬಳಿಕ ಅವರು ನಡುವಿನವರ ಶೇ. 80ರಷ್ಟು ಗಾತ್ರಕ್ಕೆ ಇಳಿಯುತ್ತಾರೆ. ಹೀಗಾಗಿ ತಡವಾಗಿ ಬಂದವರನ್ನೂ ಅದೇ ಲೆನ್ಸಿನಲ್ಲಿ, ಅದೇ ಎತ್ತರದಿಂದ, 15 ಅಡಿ ದೂರ ನಿಲ್ಲಿಸಿ ತೆಗೆದರೆ ಮಾತ್ರ ಅಳತೆ ಹೊಂದುತ್ತದೆ.

ಮೊದಲೇ ಯೋಚಿಸಿದರೆ, ಎಲ್ಲರನ್ನೂ ಕ್ಯಾಮೆರಾದಿಂದ ಸಮದೂರದಲ್ಲಿ ಬಿಲ್ಲಿನಾಕಾರದಲ್ಲಿ ನಿಲ್ಲಿಸಬಹುದು. ತಿದ್ದಿದ ನಂತರ ಎಲ್ಲರೂ ಒಂದೇ ಗಾತ್ರದಲ್ಲಿ, ನೇರ ಸಾಲಿನಲ್ಲಿ ನಿಂತಂತೆ ಕಾಣುತ್ತಾರೆ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಸರ್ಕಟ್ ಎಂಬ ತಿರುಗುವ ಕ್ಯಾಮೆರಾದ ಮುಂದೆಯೂ ಜನರನ್ನು ಹೀಗೆಯೇ ನಿಲ್ಲಿಸುತ್ತಿದ್ದರು.

ಈ ವಿಧಾನಕ್ಕೂ ಮಿತಿಯಿದೆ. ಕಂಬಗಳು ನೇರವಾಗಿಯೇ ಉಳಿದರೂ, ವೇದಿಕೆಯ ಅಂಚು, ಮೆಟ್ಟಿಲುಗಳಂತಹ ಅಡ್ಡಗೆರೆಗಳು ಬಾಗುತ್ತವೆ. ಅವು ಎದ್ದು ಕಾಣದಂತೆ ಹಿನ್ನೆಲೆಗೆ ಪರದೆಯನ್ನೋ ಹೂವಿನ ಅಲಂಕಾರವನ್ನೋ ಆರಿಸಿಕೊಳ್ಳುವುದು ಸೂಕ್ತ.